ಹಾಸಿಗೆ ಖಾಲಿ ಇಲ್ಲ ಎಂದರೆ ಏನರ್ಥ?

ಅಡಿಕೆ ಕೊಯ್ಲಿನ ಒಂದು ಸಂಜೆ ನನ್ನ ಬಳಿ ಬಂದ ರೈತರೊಬ್ಬರು ಕೋಪದಲ್ಲಿದ್ದರು. ಹೆರಿಗೆಗೆಂದು ಮಗಳನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ 'ಬೆಡ್ ಇಲ್ಲ' ಎಂದು ಹೇಳಿ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. "ಬೆಡ್ ಇಲ್ಲ ಅಂತಾರೆ ಸಾರ್, ನಾನೇ ಕಣ್ಣಾರೆ ನೋಡೀನಿ, ಒಳಗೆ ಮೂರು ಮಂಚ ಖಾಲಿ ಇದ್ದವು. ಇದೇನು ನ್ಯಾಯ?" ಎಂಬುದು ಅವರ ಪ್ರಶ್ನೆ. ಅವರು ನೋಡಿದ್ದು ಸುಳ್ಳಲ್ಲ. ಆದರೆ ಆ ಮೂರು ಮಂಚಗಳೂ ಗಂಡಸರ ವಾರ್ಡಿನಲ್ಲಿದ್ದವು. ಹೆರಿಗೆ ವಾರ್ಡಿನಲ್ಲಿ ಬಾಣಂತಿಯರು ನೆಲದ ಮೇಲೆ ಹಾಸಿಕೊಂಡು ಮಲಗಿದ್ದರು.

ಆಸ್ಪತ್ರೆ ತುಂಬಿದೆಯೇ, ಖಾಲಿ ಇದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಅದಕ್ಕೇ ಆಸ್ಪತ್ರೆಗಳು ಪ್ರತಿ ತಿಂಗಳೂ ಎರಡು ಲೆಕ್ಕಗಳನ್ನು ಹಾಕುತ್ತವೆ. ಒಂದು, ಇರುವ ಹಾಸಿಗೆಗಳಲ್ಲಿ ಎಷ್ಟು ಪಾಲು ಬಳಕೆಯಾಯಿತು ಎಂಬುದು. ಇದಕ್ಕೆ ಹಾಸಿಗೆ ಭರ್ತಿ ಪ್ರಮಾಣ ಎನ್ನುತ್ತೇವೆ. ಇನ್ನೊಂದು, ಒಬ್ಬ ರೋಗಿ ಸರಾಸರಿ ಎಷ್ಟು ದಿನ ಆಸ್ಪತ್ರೆಯಲ್ಲಿದ್ದ ಎಂಬುದು. ಇದು ಸರಾಸರಿ ವಾಸ್ತವ್ಯ ಅವಧಿ. ಇವೆರಡೂ ಮೇಲಧಿಕಾರಿಗಳಿಗೆ ಕಳಿಸುವ ಕಾಗದದ ಅಂಕಿಗಳಂತೆ ಕಾಣುತ್ತವೆ. ಆದರೆ ನಿಮ್ಮ ಮನೆಯ ಬಾಣಂತಿಗೆ ಮಂಚ ಸಿಗುತ್ತದೆಯೇ, ಅವಳನ್ನು ಎಷ್ಟನೆಯ ದಿನ ಮನೆಗೆ ಕಳಿಸುತ್ತಾರೆ ಎಂಬುದಕ್ಕೂ ಈ ಅಂಕಿಗಳಿಗೂ ನೇರ ಸಂಬಂಧವಿದೆ. ಲೆಕ್ಕವೂ ಕಷ್ಟದ್ದಲ್ಲ. ಕೂಡುವುದು, ಭಾಗಿಸುವುದು ಬಂದರೆ ಸಾಕು. ಈ ವಾರ ನಾವೇ ಕುಳಿತು ಅದನ್ನು ಹಾಕಿ ನೋಡೋಣ.

ಹಾಸಿಗೆ-ದಿನ ಎಂಬ ಅಳತೆ

ಹಾಲನ್ನು ಲೀಟರಿನಲ್ಲಿ, ಅಡಿಕೆಯನ್ನು ಕ್ವಿಂಟಾಲಿನಲ್ಲಿ ಅಳೆಯುವ ಹಾಗೆ ಆಸ್ಪತ್ರೆಯ ಬಳಕೆಯನ್ನು 'ಹಾಸಿಗೆ-ದಿನ'ದಲ್ಲಿ ಅಳೆಯುತ್ತಾರೆ. ಒಬ್ಬ ರೋಗಿ ಒಂದು ಹಾಸಿಗೆಯಲ್ಲಿ ಒಂದು ದಿನ ಇದ್ದರೆ ಅದು ಒಂದು ಹಾಸಿಗೆ-ದಿನ. ಒಬ್ಬನೇ ಐದು ದಿನ ಇದ್ದರೂ ಐದು, ಐವರು ಒಂದೊಂದು ದಿನ ಇದ್ದರೂ ಐದು.

ಇಲ್ಲಿ ಒಂದು ತೊಡಕಿದೆ. ಸೋಮವಾರ ಸಂಜೆ ಸೇರಿ ಬುಧವಾರ ಬೆಳಿಗ್ಗೆ ಹೊರಟವನು ಎಷ್ಟು ದಿನ ಇದ್ದಂತಾಯಿತು? ಬೆರಳು ಮಡಿಚಿ ಸೋಮ, ಮಂಗಳ, ಬುಧ ಎಂದು ಎಣಿಸಿದರೆ ಮೂರು. ಗಂಟೆ ಲೆಕ್ಕ ಹಿಡಿದರೆ ಎರಡು ದಿನವೂ ಪೂರ್ತಿಯಿಲ್ಲ. ಒಬ್ಬೊಬ್ಬರು ಒಂದೊಂದು ರೀತಿ ಎಣಿಸಿದರೆ ಒಂದು ಆಸ್ಪತ್ರೆಯನ್ನು ಇನ್ನೊಂದರೊಡನೆ ಹೋಲಿಸುವಂತೆಯೇ ಇಲ್ಲ. ಈ ಗೊಂದಲ ಇಂದಿನದಲ್ಲ. ದಾದಿಯರ ವೃತ್ತಿಗೆ ಹೊಸ ರೂಪ ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಅಂಕಿಅಂಶ ಸಮ್ಮೇಳನಕ್ಕೆ ಒಂದು ಸಲಹೆಯನ್ನು ಮುಂದಿಟ್ಟರು. ಎಲ್ಲ ಆಸ್ಪತ್ರೆಗಳೂ ರೋಗಿಗಳ ಸೇರ್ಪಡೆ, ಬಿಡುಗಡೆ, ಸಾವುಗಳನ್ನು ಒಂದೇ ಮಾದರಿಯ ನಮೂನೆಯಲ್ಲಿ ಬರೆಯಬೇಕು ಎಂಬುದೇ ಆ ಸಲಹೆ.

ಈಗ ರೂಢಿಯಲ್ಲಿರುವ ನಿಯಮ ಸರಳವಾಗಿದೆ. ಸೇರಿದ ದಿನವನ್ನು ಎಣಿಸಬೇಕು, ಬಿಡುಗಡೆಯಾದ ದಿನವನ್ನು ಎಣಿಸಬಾರದು. ಸೋಮವಾರ ಸೇರಿ ಬುಧವಾರ ಹೊರಟವನದು ಎರಡು ದಿನ. ಬೇರೆ ಮಾತಿನಲ್ಲಿ ಹೇಳುವುದಾದರೆ, ಅವನು ಆಸ್ಪತ್ರೆಯಲ್ಲಿ ಎಷ್ಟು ರಾತ್ರಿ ಕಳೆದನೋ ಅಷ್ಟು. ಬೆಳಿಗ್ಗೆ ಸೇರಿ ಅದೇ ಸಂಜೆ ಮನೆಗೆ ಹೋದವನು ಒಂದು ರಾತ್ರಿಯನ್ನೂ ಕಳೆಯಲಿಲ್ಲ, ಆದರೂ ಒಂದು ಹಾಸಿಗೆಯನ್ನು ಬಳಸಿದ್ದಾನೆ. ಅವನಿಗೆ ಒಂದು ದಿನ ಎಂದು ಬರೆಯುತ್ತಾರೆ.

ಹಾಗಾಗಿಯೇ ವಾರ್ಡಿನ ಸಿಸ್ಟರ್ ರಾತ್ರಿ ಹನ್ನೆರಡು ಗಂಟೆಗೆ ತಲೆ ಎಣಿಸುತ್ತಾರೆ. ಆ ಹೊತ್ತಿನಲ್ಲಿ ಹೊರಡುವವರು ಹೊರಟಿರುತ್ತಾರೆ, ಬರುವವರು ಬಂದಿರುತ್ತಾರೆ. ಆ ಎಣಿಕೆಗೆ ಹಗಲೇ ಬಂದು ಹಗಲೇ ಹೋದವರನ್ನು ಸೇರಿಸಿದರೆ ಆ ದಿನದ ಹಾಸಿಗೆ-ದಿನಗಳು ಸಿಗುತ್ತವೆ. ತಾಯಿಯ ಮಗ್ಗುಲಲ್ಲಿ ಮಲಗಿರುವ ಆರೋಗ್ಯವಂತ ಹಸುಗೂಸನ್ನು ಪ್ರತ್ಯೇಕ ರೋಗಿಯೆಂದು ಎಣಿಸುವುದಿಲ್ಲ. ಕೂಸಿಗೇ ಕಾಯಿಲೆಯಾಗಿ ನವಜಾತ ಶಿಶುಗಳ ಘಟಕಕ್ಕೆ ಸೇರಿಸಿದರೆ ಆಗ ಅದು ಬೇರೆ ರೋಗಿ.

ಆರು ಹಾಸಿಗೆಗಳ ಒಂದು ವಾರ

ಕತ್ತಲಗೆರೆಯಂಥ ಒಂದು ಊರನ್ನು ತೆಗೆದುಕೊಳ್ಳಿ. ಸುತ್ತಲೂ ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ. ಅಲ್ಲೊಂದು ಆರು ಹಾಸಿಗೆಯ ಆರೋಗ್ಯ ಕೇಂದ್ರವಿದೆ ಎಂದುಕೊಳ್ಳೋಣ. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಾಮಾನ್ಯವಾಗಿ ಇರುವುದೇ ಆರು ಹಾಸಿಗೆ. ಆಗಸ್ಟ್ 1ರಿಂದ 7ರವರೆಗಿನ ಅದರ ಒಳರೋಗಿ ರಿಜಿಸ್ಟರನ್ನು ತೆರೆದಿದ್ದೇವೆ. ಇದು ಲೆಕ್ಕ ಕಲಿಯಲು ನಾನೇ ಬರೆದುಕೊಂಡ ರಿಜಿಸ್ಟರು, ಯಾವ ಆಸ್ಪತ್ರೆಯದೂ ಅಲ್ಲ. ಆದರೆ ಮಳೆಗಾಲದಲ್ಲಿ ಬರುವ ರೋಗಿಗಳು ಹೆಚ್ಚುಕಡಿಮೆ ಹೀಗೇ ಇರುತ್ತಾರೆ.

1. ಕೆಮ್ಮು, ಜ್ವರದ ಅಜ್ಜಿ: ಸೇರಿದ್ದು ಜುಲೈ 29, ಬಿಡುಗಡೆ ಆಗಸ್ಟ್ 3.
2. ಮೊದಲನೆಯ ಬಾಣಂತಿ: ಸೇರಿದ್ದು ಜುಲೈ 31, ಬಿಡುಗಡೆ ಆಗಸ್ಟ್ 2.
3. ವಾಂತಿಭೇದಿಯ ಕೂಲಿಯಾಳು: ಸೇರಿದ್ದು ಆಗಸ್ಟ್ 1, ಬಿಡುಗಡೆ 2.
4. ಎರಡನೆಯ ಬಾಣಂತಿ: ಸೇರಿದ್ದು 2, ಬಿಡುಗಡೆ 5.
5. ಡೆಂಗಿ ಶಂಕೆಯ ಯುವಕ: ಸೇರಿದ್ದು 3, ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಕಳಿಸಿದ್ದು 4.
6. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದ ರೈತ: ಸೇರಿದ್ದು 3, ಇನ್ನೂ ಇದ್ದಾರೆ.
7. ಉಬ್ಬಸದ ಮಗು: 4ರ ಬೆಳಿಗ್ಗೆ ಸೇರಿ ಅದೇ ಸಂಜೆ ಮನೆಗೆ.
8. ಮೂರನೆಯ ಬಾಣಂತಿ: ಸೇರಿದ್ದು 4, ಬಿಡುಗಡೆ 7.
9. ಜ್ವರದ ಹೆಂಗಸು: ಸೇರಿದ್ದು 6, ಇನ್ನೂ ಇದ್ದಾರೆ.
10. ನಾಲ್ಕನೆಯ ಬಾಣಂತಿ: ಸೇರಿದ್ದು 7, ಇನ್ನೂ ಇದ್ದಾರೆ.

ಮೊದಲು ಹಾಸಿಗೆ ಭರ್ತಿ ಪ್ರಮಾಣ. ಇದಕ್ಕೆ ಈ ಏಳು ದಿನಗಳ ಒಳಗೆ ಬಳಕೆಯಾದ ಹಾಸಿಗೆ-ದಿನಗಳು ಮಾತ್ರ ಬೇಕು. ಅಜ್ಜಿ ಜುಲೈನಲ್ಲಿ ಕಳೆದ ರಾತ್ರಿಗಳು ಜುಲೈ ಲೆಕ್ಕಕ್ಕೆ ಹೋಗುತ್ತವೆ; ಆಗಸ್ಟ್ 1 ಮತ್ತು 2 ಮಾತ್ರ ಇಲ್ಲಿಗೆ ಬರುತ್ತವೆ. ಆದ್ದರಿಂದ ಅವರದು 2. ಮೊದಲನೆಯ ಬಾಣಂತಿಯದು 1, ಕೂಲಿಯಾಳಿನದು 1, ಎರಡನೆಯ ಬಾಣಂತಿಯದು 3, ಯುವಕನದು 1. ರೈತ 3ರಿಂದ 7ರವರೆಗೆ ಇದ್ದಾರೆ, 5 ದಿನ. ಮಗುವಿನದು 1, ಮೂರನೆಯ ಬಾಣಂತಿಯದು 3, ಜ್ವರದ ಹೆಂಗಸಿನದು 2, ಕೊನೆಯ ಬಾಣಂತಿಯದು 1. ಎಲ್ಲ ಕೂಡಿದರೆ 20.

ಈ ಲೆಕ್ಕ ಸರಿಯೇ ಎಂದು ನೋಡಲು ಇನ್ನೊಂದು ದಾರಿಯಿದೆ. ರೋಗಿಗಳನ್ನು ಬಿಟ್ಟು ರಾತ್ರಿಗಳನ್ನು ಹಿಡಿಯಿರಿ. 1ರ ಮಧ್ಯರಾತ್ರಿ ವಾರ್ಡಿನಲ್ಲಿದ್ದವರು 3, 2ರಂದು 2, 3ರಂದು 3. 4ರ ರಾತ್ರಿ ಮೂವರಿದ್ದರು. ಹಗಲಲ್ಲೇ ಬಂದು ಹೋದ ಮಗುವನ್ನು ಸೇರಿಸಿದರೆ 4. 5ರಂದು 2, 6ರಂದು 3, 7ರಂದು 3. ಕೂಡಿ ನೋಡಿ, ಅದೇ 20. ರೋಗಿಗಳ ಪಟ್ಟಿಯಿಂದ ಬಂದ ಮೊತ್ತವೂ ರಾತ್ರಿ ಎಣಿಕೆಯಿಂದ ಬಂದ ಮೊತ್ತವೂ ತಾಳೆಯಾಗಲೇಬೇಕು. ತಾಳೆಯಾಗದಿದ್ದರೆ ಎಲ್ಲೋ ಒಂದು ತಾರೀಖು ತಪ್ಪಿದೆ ಎಂದರ್ಥ.

ಇನ್ನು ಇದ್ದ ಹಾಸಿಗೆ-ದಿನಗಳು ಎಷ್ಟು? 6 ಹಾಸಿಗೆ, 7 ದಿನ, ಗುಣಿಸಿದರೆ 42. ಹೆರಿಗೆ ಕೋಣೆಯ ಮೇಜನ್ನೂ ತುರ್ತು ಚಿಕಿತ್ಸೆಯ ಕೋಣೆಯ ಮಂಚವನ್ನೂ ಇದರಲ್ಲಿ ಸೇರಿಸುವುದಿಲ್ಲ. ಅಲ್ಲಿ ಯಾರನ್ನೂ ದಾಖಲು ಮಾಡಿಕೊಂಡು ಮಲಗಿಸುವುದಿಲ್ಲ. ಸೂತ್ರ ಹೀಗೆ:

ಹಾಸಿಗೆ ಭರ್ತಿ ಪ್ರಮಾಣ = ಬಳಕೆಯಾದ ಹಾಸಿಗೆ-ದಿನಗಳು × 100 ÷ (ಹಾಸಿಗೆಗಳ ಸಂಖ್ಯೆ × ದಿನಗಳು)

20ನ್ನು 100ರಿಂದ ಗುಣಿಸಿ 42ರಿಂದ ಭಾಗಿಸಿದರೆ 47.6. ಅಂದರೆ ಆ ವಾರ ಆಸ್ಪತ್ರೆಯ ಹಾಸಿಗೆಗಳು ಶೇಕಡಾ 48ರಷ್ಟು, ಅರ್ಧಕ್ಕಿಂತ ತುಸು ಕಡಿಮೆ, ತುಂಬಿದ್ದವು.

ಎಷ್ಟು ದಿನ ಇದ್ದರು?

ಸರಾಸರಿ ವಾಸ್ತವ್ಯಕ್ಕೆ ಬೇರೆ ಲೆಕ್ಕ. ಇಲ್ಲಿ ವಾರದ ಗೆರೆಯ ಒಳಗೆ ಹೊರಗೆ ಎಂದು ನೋಡುವುದಿಲ್ಲ. ಆ ವಾರ ಆಸ್ಪತ್ರೆ ಬಿಟ್ಟು ಹೋದವರು ಮೊದಲಿನಿಂದ ಕೊನೆಯವರೆಗೆ ಒಟ್ಟು ಎಷ್ಟು ದಿನ ಇದ್ದರು ಎಂದು ನೋಡುತ್ತೇವೆ. ಇನ್ನೂ ವಾರ್ಡಿನಲ್ಲಿರುವವರನ್ನು ಸೇರಿಸುವಂತಿಲ್ಲ, ಅವರ ವಾಸ್ತವ್ಯ ಮುಗಿದಿಲ್ಲವಲ್ಲ! ಗುಣವಾಗಿ ಹೋದವರು, ಬೇರೆ ಆಸ್ಪತ್ರೆಗೆ ಕಳಿಸಲಾದವರು, ವೈದ್ಯರ ಮಾತು ಕೇಳದೆ ಹೊರಟವರು, ತೀರಿಕೊಂಡವರು, ಎಲ್ಲರೂ 'ಬಿಟ್ಟು ಹೋದವರ' ಲೆಕ್ಕಕ್ಕೆ ಬರುತ್ತಾರೆ.

ನಮ್ಮ ಪಟ್ಟಿಯಲ್ಲಿ ಅಂಥವರು ಏಳು ಮಂದಿ. ಅಜ್ಜಿಯದು ಜುಲೈ 29ರಿಂದ ಪೂರ್ತಿ 5 ದಿನ. ಉಳಿದವರದು ಕ್ರಮವಾಗಿ 2, 1, 3, 1, 1, 3. ಒಟ್ಟು 16. ಏಳರಿಂದ ಭಾಗಿಸಿದರೆ 2.3 ದಿನ.

ಅನೇಕ ಕಡೆ ತಿಂಗಳ ವರದಿಗೆ ಒಂದು ಅಡ್ಡದಾರಿ ಹಿಡಿಯುತ್ತಾರೆ. ಭರ್ತಿ ಪ್ರಮಾಣಕ್ಕೆಂದು ಕೂಡಿಟ್ಟ ಹಾಸಿಗೆ-ದಿನಗಳನ್ನೇ ಬಿಡುಗಡೆಯಾದವರ ಸಂಖ್ಯೆಯಿಂದ ಭಾಗಿಸಿಬಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ 20 ಭಾಗಿಸು 7, ಅಂದರೆ 2.9 ದಿನ. ಇದು ನಿಜವಾದ 2.3ಕ್ಕಿಂತ ಹೆಚ್ಚಾಯಿತು. ಕಾರಣ, ಕಾಲು ಹುಣ್ಣಿನ ರೈತ ಐದು ದಿನ ಮೇಲಿನ ಅಂಕಿಗೆ ಸೇರಿದರು, ಆದರೆ ಇನ್ನೂ ಬಿಡುಗಡೆಯಾಗದ ಕಾರಣ ಕೆಳಗಿನ ಏಳರಲ್ಲಿ ಅವರಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ, ಇಡೀ ವರ್ಷದ ಲೆಕ್ಕದಲ್ಲಿ, ಈ ಹೆಚ್ಚುಕಡಿಮೆಗಳು ಒಂದನ್ನೊಂದು ಸರಿದೂಗಿಸಿ ವ್ಯತ್ಯಾಸ ಅಳಿಸಿಹೋಗುತ್ತದೆ. ಸಣ್ಣ ಆಸ್ಪತ್ರೆಯ ಒಂದು ವಾರದಲ್ಲಿ ಅಳಿಸುವುದಿಲ್ಲ.

ತಪ್ಪುವುದು ಎಲ್ಲಿ?

ಇಪ್ಪತ್ತು ವರ್ಷಗಳ ಹಿಂದೆ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ಮೊದಲ ತಿಂಗಳ ವರದಿ ಕೆಂಪು ಗೆರೆ ಎಳೆಸಿಕೊಂಡು ವಾಪಸು ಬಂದಿತ್ತು. ನಾನು ಸೇರಿದ ದಿನವನ್ನೂ ಹೋದ ದಿನವನ್ನೂ ಎಣಿಸಿದ್ದೆ. ಅಂಕಿಅಂಶ ನೋಡುತ್ತಿದ್ದ ಹಿರಿಯ ಗುಮಾಸ್ತರು ಫೋನಿನಲ್ಲಿ ನಗುತ್ತಾ, "ಡಾಕ್ಟ್ರೇ, ಬೆಳಿಗ್ಗೆ ಒಬ್ಬರು ಎದ್ದು ಹೋದ ಮಂಚದ ಮೇಲೆ ಸಂಜೆ ಇನ್ನೊಬ್ಬರು ಮಲಗಿದರೆ ಆ ಮಂಚ ಎರಡಾಯಿತೇ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಮರೆತಿಲ್ಲ.

ಆ ತಪ್ಪು ಎಷ್ಟು ದೊಡ್ಡದು ಎಂದು ನಮ್ಮ ವಾರದಲ್ಲೇ ನೋಡಿ. ಬಿಡುಗಡೆಯಾದ ಏಳು ಮಂದಿಯಲ್ಲಿ ಒಂದೇ ದಿನ ಬಂದು ಹೋದ ಮಗುವನ್ನು ಬಿಟ್ಟು ಉಳಿದ ಆರು ಮಂದಿಗೂ ಒಂದೊಂದು ದಿನ ಹೆಚ್ಚಾಗುತ್ತದೆ. 20 ಹೋಗಿ 26 ಆಗುತ್ತದೆ. ಭರ್ತಿ ಪ್ರಮಾಣ ಶೇಕಡಾ 48ರಿಂದ 62ಕ್ಕೆ ಜಿಗಿಯುತ್ತದೆ. ಸರಾಸರಿ ವಾಸ್ತವ್ಯ 2.3 ಹೋಗಿ 3.1 ಆಗುತ್ತದೆ. ಒಬ್ಬ ರೋಗಿಯೂ ಹೆಚ್ಚಾಗಲಿಲ್ಲ, ಕಾಗದದ ಮೇಲೆ ಮಾತ್ರ ಆಸ್ಪತ್ರೆ ತುಂಬಿತು. ರೋಗಿಗಳು ಬೇಗ ಬೇಗ ಬದಲಾಗುವ ಆಸ್ಪತ್ರೆಯಲ್ಲಿ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ.

ಎರಡನೆಯ ತಪ್ಪು ನಮ್ಮಿಂದಲೇ, ಅಂದರೆ ರೋಗಿಗಳ ಮನೆಯವರಿಂದ ಆಗುತ್ತದೆ. ಗದ್ದೆ ನಾಟಿಯ ಸಮಯ, ಮನೆಯಲ್ಲಿ ದನಕರು, ಆಸ್ಪತ್ರೆಯಲ್ಲಿ ಕೂರಲು ಜನವಿಲ್ಲ. ಜ್ವರ ಇಳಿದ ಕೂಡಲೇ ಯಾರಿಗೂ ಹೇಳದೆ ರೋಗಿಯನ್ನು ಕರೆದುಕೊಂಡು ಹೋಗಿಬಿಡುತ್ತಾರೆ. ರಿಜಿಸ್ಟರಿನಲ್ಲಿ ಬಿಡುಗಡೆಯ ಕಾಲಂ ಖಾಲಿಯೇ ಉಳಿಯುತ್ತದೆ. ಯಾರೂ ಗಮನಿಸದಿದ್ದರೆ ಆ ರೋಗಿ ಕಾಗದದ ಮೇಲೆ ವಾರಗಟ್ಟಲೆ ಮಲಗಿಯೇ ಇರುತ್ತಾನೆ.

ಇದನ್ನು ಹಿಡಿಯುವ ಉಪಾಯ ಅಂಗಡಿಯ ದಿನದ ಲೆಕ್ಕದಂತೆಯೇ. ನಿನ್ನೆ ರಾತ್ರಿ ಇದ್ದವರಿಗೆ ಇವತ್ತು ಬಂದವರನ್ನು ಕೂಡಿ, ಹೋದವರನ್ನು ಕಳೆದರೆ ಇವತ್ತು ರಾತ್ರಿ ಇರಬೇಕಾದವರ ಸಂಖ್ಯೆ ಬರಬೇಕು. ನಮ್ಮ ರಿಜಿಸ್ಟರಿನಲ್ಲಿ 3ರ ರಾತ್ರಿ ಮೂವರಿದ್ದರು. 4ರಂದು ಮಗುವೂ ಮೂರನೆಯ ಬಾಣಂತಿಯೂ ಬಂದರು, ಮಗುವೂ ಯುವಕನೂ ಹೋದರು. 3ಕ್ಕೆ 2 ಕೂಡಿ 2 ಕಳೆದರೆ 3. ಮಂಚಗಳ ಮೇಲೂ ಮೂವರೇ ಇದ್ದರೆ ಸರಿ. ಇಬ್ಬರೇ ಇದ್ದರೆ ಯಾರೋ ಹೇಳದೆ ಹೋಗಿದ್ದಾರೆ.

ಶೇಕಡಾ 80 ಎಂದರೆ ನೆಮ್ಮದಿಯೇ?

ಈಗ ಮೊದಲು ಹೇಳಿದ ರೈತರ ಪ್ರಶ್ನೆಗೆ ಬರೋಣ. ಮೂವತ್ತು ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರವನ್ನು ಊಹಿಸಿಕೊಳ್ಳಿ. ಹೆರಿಗೆ ವಾರ್ಡಿಗೆ 12 ಹಾಸಿಗೆ, ಉಳಿದ ರೋಗಿಗಳಿಗೆ 18. ಪ್ರತಿ ರಾತ್ರಿ ಸರಾಸರಿ 24 ರೋಗಿಗಳು. ಭರ್ತಿ ಪ್ರಮಾಣ ಶೇಕಡಾ 80. ವರದಿ ನೋಡಿದವರು 'ಪರವಾಗಿಲ್ಲ, ಇನ್ನೂ ಆರು ಹಾಸಿಗೆ ಇವೆಯಲ್ಲ' ಎನ್ನುತ್ತಾರೆ. ಆದರೆ ಆ 24ರಲ್ಲಿ 15 ಮಂದಿ ಬಾಣಂತಿಯರು, 9 ಮಂದಿ ಇತರರು ಎಂದರೆ? ಹೆರಿಗೆ ವಾರ್ಡು ಶೇಕಡಾ 125, ಇನ್ನೊಂದು ವಾರ್ಡು ಶೇಕಡಾ 50. ಒಂದು ಕಡೆ ಮೂವರು ನೆಲದ ಮೇಲೆ, ಇನ್ನೊಂದು ಕಡೆ ಒಂಬತ್ತು ಮಂಚ ಖಾಲಿ. ಸೋಂಕಿನ ರೋಗಿಗಳೂ ಗಂಡಸರೂ ಇರುವ ಕಡೆ ಹಸಿ ಬಾಣಂತಿಯನ್ನು ಮಲಗಿಸಲಾಗದು. ಹಾಗಾಗಿ ಆ ಖಾಲಿ ಮಂಚಗಳು ಅವಳ ಪಾಲಿಗೆ ಇಲ್ಲವೆಂದೇ ಲೆಕ್ಕ. ಇಡೀ ಆಸ್ಪತ್ರೆಗೆ ಒಂದೇ ಅಂಕಿ ಕೊಟ್ಟರೆ ಇದು ಮುಚ್ಚಿಹೋಗುತ್ತದೆ. ವಾರ್ಡುವಾರು ಲೆಕ್ಕ ಹಾಕಿದರೆ ಮಾತ್ರ ಕಾಣುತ್ತದೆ.

ಶೇಕಡಾ 100ಕ್ಕಿಂತ ಹೆಚ್ಚು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ನೆಲದ ಮೇಲೆ ಹಾಸಿಕೊಟ್ಟ ರೋಗಿಯೂ ರಾತ್ರಿ ಎಣಿಕೆಗೆ ಸೇರುತ್ತಾಳೆ. ಆದರೆ ಆ ಚಾಪೆಯನ್ನು ಹಾಸಿಗೆಗಳ ಸಂಖ್ಯೆಗೆ ಸೇರಿಸುವುದಿಲ್ಲ. ಸೇರಿಸಿದರೆ ಕೊರತೆ ಎಂದಿಗೂ ಬೆಳಕಿಗೆ ಬಾರದು.

ಹಾಗಾದರೆ ಎಲ್ಲ ಮಂಚಗಳೂ ತುಂಬಿರುವುದೇ ಒಳ್ಳೆಯ ಆಸ್ಪತ್ರೆಯ ಲಕ್ಷಣವೇ? ಅಲ್ಲ. ರೋಗಿಗಳು ದಿನಕ್ಕೆ ಇಷ್ಟೇ ಎಂದು ಸಾಲಾಗಿ ಬರುವುದಿಲ್ಲ. ಒಂದು ದಿನ ಯಾರೂ ಇಲ್ಲ, ಮರುದಿನ ಐದು ಹೆರಿಗೆ. 1999ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಆಸ್ಪತ್ರೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ನಿರ್ಮಿಸಿ, ತುರ್ತು ರೋಗಿಗಳ ಏರಿಳಿತವನ್ನು ಪರೀಕ್ಷಿಸಿದರು. ಸರಾಸರಿ ಭರ್ತಿ ಶೇಕಡಾ 85 ದಾಟಿದರೆ ಹಾಸಿಗೆ ಸಿಗದಿರುವ ಅಪಾಯ ಕಾಣತೊಡಗುತ್ತದೆ, 90 ಮುಟ್ಟಿದರೆ ಕೊರತೆ ಪದೇ ಪದೇ ಎದುರಾಗುತ್ತದೆ ಎಂದು ಅವರು ಕಂಡುಕೊಂಡರು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ಡಿನ ಎರಡನೇ ಅಲೆ ಬಂದಾಗ ಹಾಸಿಗೆಗಾಗಿ ಊರೂರು ಅಲೆದ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಪತ್ರೆ ಸಣ್ಣದಾದಷ್ಟೂ ಖಾಲಿ ಮಂಚ ಹೆಚ್ಚು ಬೇಕು. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಶೇಕಡಾ 85 ತುಂಬಿದ್ದರೆ ಹದಿನೈದು ಮಂಚ ಉಳಿದಿರುತ್ತವೆ. ಆರು ಹಾಸಿಗೆಯಲ್ಲಿ ಉಳಿಯುವುದು ಒಂದೇ. ಒಟ್ಟಿಗೆ ಇಬ್ಬರು ಬಂದರೆ ಮುಗಿಯಿತು. ಆದ್ದರಿಂದ ನಮ್ಮ ಊಹೆಯ ಆರೋಗ್ಯ ಕೇಂದ್ರ ಶೇಕಡಾ 48 ಎಂದರೆ ಸೋಮಾರಿಯಾಗಿದೆ ಎಂದಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಂಗಸಿಗೆ ಅಲ್ಲಿ ಜಾಗವಿದೆ ಎಂದರ್ಥ. ಆದರೆ ತಿಂಗಳುಗಟ್ಟಲೆ ಶೇಕಡಾ 10, 15ರಲ್ಲೇ ನಿಂತಿದ್ದರೆ ಕೇಳಬೇಕು: ರಾತ್ರಿ ವೈದ್ಯರು ಇರುತ್ತಾರೆಯೇ? ಸಿಸ್ಟರ್ ಹುದ್ದೆ ಖಾಲಿ ಇದೆಯೇ? ಜನ ನೇರವಾಗಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುತ್ತಿದ್ದಾರೆಯೇ?

ಒಂದು ದಿನದ ಬೆಲೆ

ಸರಾಸರಿ ವಾಸ್ತವ್ಯದ ಅಂಕಿಗೆ ಒಂದು ಚಪಲವಿದೆ. ಒಬ್ಬ ರೋಗಿ ಹೆಚ್ಚು ದಿನ ಉಳಿದರೂ ಅದು ಎತ್ತರಕ್ಕೆ ಹಾರುತ್ತದೆ. ನಮ್ಮ ಕಾಲು ಹುಣ್ಣಿನ ರೈತರು ಆಗಸ್ಟ್ 25ರಂದು ಮನೆಗೆ ಹೋದರು ಎಂದುಕೊಳ್ಳಿ. ಅವರದು 22 ದಿನ. ಮೊದಲಿನ ಏಳು ಮಂದಿಯ 16ಕ್ಕೆ ಇದನ್ನು ಸೇರಿಸಿದರೆ ಎಂಟು ಮಂದಿಗೆ 38 ದಿನ, ಸರಾಸರಿ 2.3 ಇದ್ದದ್ದು ಒಮ್ಮೆಲೇ 4.75. ಆದರೆ ಎಂಟು ಮಂದಿಯಲ್ಲಿ ಆರು ಮಂದಿ ಮೂರು ದಿನಕ್ಕಿಂತ ಹೆಚ್ಚು ಇರಲೇ ಇಲ್ಲ! ಎಲ್ಲರ ದಿನಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ: 1, 1, 1, 2, 3, 3, 5, 22. ನಟ್ಟನಡುವಿನವು 2 ಮತ್ತು 3, ಅಂದರೆ ಎರಡೂವರೆ ದಿನ. ಸಾಮಾನ್ಯ ರೋಗಿಯ ವಾಸ್ತವ್ಯವನ್ನು ಈ ನಡುವಿನ ಅಂಕಿ ಸರಾಸರಿಗಿಂತ ಚೆನ್ನಾಗಿ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲೋ ಒಬ್ಬರು ಬಹಳ ದಿನ ಉಳಿದಿದ್ದಾರೆ ಎಂದು ತಕ್ಷಣ ಗೊತ್ತಾಗುತ್ತದೆ.

ಆಡಳಿತ ನಡೆಸುವವರು ಈ ಅಂಕಿಯ ಮೇಲೆ ಕಣ್ಣಿಡುವುದಕ್ಕೆ ಕಾರಣವಿದೆ. ನೂರು ಹಾಸಿಗೆಯ ಆಸ್ಪತ್ರೆ ಒಂದು ತಿಂಗಳು ಶೇಕಡಾ 80 ತುಂಬಿದ್ದರೆ ಬಳಕೆಯಾಗುವುದು 2,400 ಹಾಸಿಗೆ-ದಿನ. ಒಬ್ಬೊಬ್ಬರು ಐದು ದಿನ ಇದ್ದರೆ 480 ಜನರಿಗೆ ಜಾಗ. ನಾಲ್ಕು ದಿನಕ್ಕೆ ಇಳಿದರೆ 600. ಒಂದು ಇಟ್ಟಿಗೆ ಇಡದೆ, ಒಂದು ಮಂಚ ಕೊಳ್ಳದೆ, 120 ಜನರಿಗೆ ಹೆಚ್ಚಿಗೆ ಚಿಕಿತ್ಸೆ. ರಕ್ತ ಪರೀಕ್ಷೆಯ ವರದಿ ಸಂಜೆಯೇ ಬಂದರೆ, ಶಸ್ತ್ರಚಿಕಿತ್ಸೆ ಸೇರಿದ ಮರುದಿನವೇ ನಡೆದರೆ, ಭಾನುವಾರವೂ ಬಿಡುಗಡೆ ಮಾಡಿದರೆ ಇಂಥ ಒಂದು ದಿನ ಉಳಿಯುತ್ತದೆ. ಗುಣವಾದ ಅಜ್ಜಿಯನ್ನು ಕರೆದೊಯ್ಯಲು ಮಗ ಬರುವುದು ತಡವಾಗಿ ಆಕೆ ಮೂರು ದಿನ ಸುಮ್ಮನೆ ಮಲಗಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆ ಮೂರು ದಿನ ಯಾರೋ ಇನ್ನೊಬ್ಬರ ಮಂಚ.

ಆದರೆ ದಿನ ಕಡಿಮೆಯಾದದ್ದೆಲ್ಲ ಒಳ್ಳೆಯದಲ್ಲ. ಸಹಜ ಹೆರಿಗೆಯಾದ ತಾಯಿ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿರಬೇಕು ಎಂಬುದು ಸರ್ಕಾರದ ಸೂಚನೆ. ಹೆರಿಗೆಯ ನಂತರದ ಅತಿರಕ್ತಸ್ರಾವ ಹೆಚ್ಚಾಗಿ ಮೊದಲ 24 ಗಂಟೆಯೊಳಗೆ ಕಾಣಿಸುತ್ತದೆ. ಕೂಸು ಹಾಲು ಹೀರುತ್ತಿದೆಯೇ, ಕಣ್ಣು ಮೈ ಹಳದಿಯಾಗುತ್ತಿದೆಯೇ ಎಂದು ತಿಳಿಯಲು ಎರಡನೆಯ ದಿನವೂ ಬೇಕು. ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನ ಸರಾಸರಿ ವಾಸ್ತವ್ಯ ಒಂದೇ ದಿನ ಎಂದು ಬಂದರೆ ಅದು ಚುರುಕುತನದ ಗುರುತಲ್ಲ. ಮಂಚ ಸಾಲದೆ ಕಳಿಸುತ್ತಿದ್ದಾರೆ, ಇಲ್ಲವೇ ಮನೆಯವರೇ ಅವಸರಪಡುತ್ತಿದ್ದಾರೆ. ಹೀಗೆ ಬೇಗ ಹೋದವಳು ಜ್ವರವೋ ರಕ್ತಸ್ರಾವವೋ ಆಗಿ ನಾಲ್ಕನೆಯ ದಿನ ಮತ್ತೆ ಬಂದರೆ ರಿಜಿಸ್ಟರಿನಲ್ಲಿ ಹೊಸ ನಂಬರು, ಹೊಸ ಲೆಕ್ಕ. ಸರಾಸರಿ ವಾಸ್ತವ್ಯ ಕಡಿಮೆಯೇ ಕಾಣುತ್ತದೆ, ತಾಯಿ ಮಾತ್ರ ಎರಡು ಸಲ ನರಳಿರುತ್ತಾಳೆ. ಆದ್ದರಿಂದ ಈ ಅಂಕಿಯ ಜೊತೆ ಮರಳಿ ಬಂದವರು ಎಷ್ಟು ಎಂಬುದನ್ನೂ ನೋಡಲೇಬೇಕು.

ನೀವು ಮಾಡಬಹುದಾದದ್ದು

ಆಸ್ಪತ್ರೆಯಿಂದ ಹೊರಡುವಾಗ ಹೇಳಿ ಹೊರಡಿ, ಬಿಡುಗಡೆ ಚೀಟಿ ಪಡೆಯಿರಿ. ಅದರಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು ಎರಡೂ ಸರಿಯಾಗಿವೆಯೇ ಎಂದು ಅಲ್ಲೇ ನಿಂತು ಓದಿ. ವೈದ್ಯರು ಹೋಗಬಹುದು ಎಂದ ದಿನವೇ ಕರೆದೊಯ್ಯಲು ಯಾರಾದರೂ ಬರುವಂತೆ ಏರ್ಪಾಟು ಮಾಡಿಕೊಳ್ಳಿ. ಆದರೆ ಬಾಣಂತಿಯನ್ನು ಮಾತ್ರ ಎರಡು ದಿನ ತುಂಬುವ ಮೊದಲು ಕರೆದೊಯ್ಯುತ್ತೇವೆಂದು ಹಟ ಹಿಡಿಯಬೇಡಿ.

ನಿಮ್ಮ ಊರಿನ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗುವವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಈ ಸಲ ಅವರ ಮೂಲಕ ಒಂದು ಪ್ರಶ್ನೆ ಕೇಳಿಸಿ: "ಕಳೆದ ತಿಂಗಳು ಹೆರಿಗೆ ವಾರ್ಡಿನ ಭರ್ತಿ ಪ್ರಮಾಣ ಎಷ್ಟು, ಬಾಣಂತಿಯರು ಸರಾಸರಿ ಎಷ್ಟು ದಿನ ಇದ್ದರು?" ಭರ್ತಿ ಶೇಕಡಾ ನೂರು ದಾಟಿದ್ದು, ವಾಸ್ತವ್ಯ ಎರಡು ದಿನಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೆ ಬೇಕಾದದ್ದು ಇನ್ನಷ್ಟು ಮಂಚ, ಇನ್ನೊಬ್ಬ ಸಿಸ್ಟರ್. ಆಗ ಆ ಎರಡು ಅಂಕಿಗಳನ್ನೇ ಅರ್ಜಿಯಲ್ಲಿ ಬರೆಯಬಹುದು. ಕೋಪದಿಂದ ನನ್ನ ಬಳಿ ಬಂದ ರೈತರಿಗೂ ನಾನು ಹೇಳಿದ್ದು ಇದನ್ನೇ. ಅವರ ಮಗಳಿಗೆ ಅಂದು ರಾತ್ರಿ ದೊಡ್ಡ ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಯಿತು; ಮೂರನೆಯ ದಿನ ಮನೆಗೆ ಬಂದಳು.